P0420 ಬಂದ ತಕ್ಷಣ ಕ್ಯಾಟ್ ಬಿಚ್ಚಬೇಡಿ

ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಉರಿಯುತ್ತಿದೆ, ಸ್ಕ್ಯಾನರ್ ಹಾಕಿದರೆ P0420. ಅಂದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಕಡಿಮೆಯಾಗಿದೆ ಎಂದು ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ದೂರು ಹೇಳುತ್ತಿದೆ. ಹೆಚ್ಚಿನ ಗ್ಯಾರೇಜುಗಳಲ್ಲಿ ಮುಂದಿನ ಮಾತೇ ‘ಕ್ಯಾಟ್ ಹೋಗಿದೆ, ಹೊಸದು ಹಾಕಬೇಕು’. ಹಾಗೆ ಹಾಕಿದ ಹೊಸ ಕ್ಯಾಟ್ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕೋಡ್ ತಂದುಕೊಂಡು ವಾಪಸು ಬರುವುದೂ ಇದೆ. ಏಕೆಂದರೆ ಆ ಕೋಡ್ ಹೊಗೆಯಲ್ಲಿರುವ ವಿಷವನ್ನು ಅಳೆದು ಬರುವಂಥದ್ದಲ್ಲ. ಅದು ಅಳೆಯುವುದು ಬೇರೆಯದನ್ನೇ.

ಒಳಗೆ ಏನಾಗುತ್ತದೆ ಎಂದು ನೋಡೋಣ. ಕ್ಯಾಟಿನ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ ಇರುತ್ತದೆ, ಒಂದು ಚದರ ಇಂಚಿಗೆ ಸಾಮಾನ್ಯವಾಗಿ 400ರಿಂದ 600 ತೂತು. ತೂತುಗಳ ಗೋಡೆಗೆ ಅಲ್ಯುಮಿನಾದ ಒರಟು ಲೇಪ, ಅದರ ಮೇಲೆ ಕೆಲವೇ ಗ್ರಾಂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಇಂಜಿನ್‌ನಿಂದ ಬರುವ ಮೂರು ಕೆಟ್ಟ ಅನಿಲಗಳಲ್ಲಿ ಕಾರ್ಬನ್ ಮಾನಾಕ್ಸೈಡಿಗೂ ಉರಿಯದೆ ಉಳಿದ ಹೈಡ್ರೋಕಾರ್ಬನ್ನಿಗೂ ಆಮ್ಲಜನಕ ಬೇಕು. ಸಿಕ್ಕರೆ ಅವು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತವೆ. ನೈಟ್ರೋಜನ್ ಆಕ್ಸೈಡಿನದು ಇದಕ್ಕೆ ತದ್ವಿರುದ್ಧ, ಅದರಿಂದ ಆಮ್ಲಜನಕವನ್ನು ಕಿತ್ತುಕೊಳ್ಳಬೇಕು. ಈ ಕೀಳುವ ಕೆಲಸ ಮುಖ್ಯವಾಗಿ ರೋಡಿಯಂನದು. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕು, ಹಾಗಾಗಿ ಒಂದೇ ಏಟಿಗೆ ಎರಡೂ ಮುಗಿಯುತ್ತವೆ:

2NO + 2CO → N₂ + 2CO₂

ಈ ಕೊಡುಕೊಳ್ಳುವಿಕೆ ಸರಿಹೋಗುವುದು ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಇದ್ದಾಗ ಮಾತ್ರ. ಎಥನಾಲ್ ಬೆರೆತ ಪೆಟ್ರೋಲಿಗೆ ಈ ಅಂಕಿ ಇನ್ನಷ್ಟು ಇಳಿಯುತ್ತದೆ. ಪೆಟ್ರೋಲ್ ಸ್ವಲ್ಪ ಹೆಚ್ಚಾದರೆ, ಅಂದರೆ ಮಿಶ್ರಣ ರಿಚ್ ಆದರೆ, ಕಾರ್ಬನ್ ಮಾನಾಕ್ಸೈಡ್ ತಪ್ಪಿಸಿಕೊಳ್ಳುತ್ತದೆ. ಗಾಳಿ ಹೆಚ್ಚಾಗಿ ಲೀನ್ ಆದರೆ ನೈಟ್ರೋಜನ್ ಆಕ್ಸೈಡ್ ಹಾಗೆಯೇ ಹೊರಗೆ. ಇಸಿಯು ಎಷ್ಟೇ ಚುರುಕಾಗಿದ್ದರೂ ಈ ಗೆರೆಯ ಮೇಲೆ ನಿಲ್ಲಲಾರದು, ಸ್ವಲ್ಪ ರಿಚ್, ಸ್ವಲ್ಪ ಲೀನ್ ಎಂದು ತೂಗಾಡುತ್ತಲೇ ಇರುತ್ತದೆ. ಈ ತೂಗಾಟವನ್ನು ನುಂಗಿಕೊಳ್ಳಲು ಲೇಪದಲ್ಲಿ ಸೀರಿಯಂ ಆಕ್ಸೈಡ್ ಬೆರೆಸಿರುತ್ತಾರೆ. ಅದು ಆಮ್ಲಜನಕದ ಕಣಜ. ಲೀನ್ ಆದ ಗಳಿಗೆಯಲ್ಲಿ ತುಂಬಿಕೊಳ್ಳುತ್ತದೆ, ರಿಚ್ ಆದಾಗ ಬಿಚ್ಚಿ ಕೊಡುತ್ತದೆ.

ಇಸಿಯು ನೋಡುವುದು ಈ ಕಣಜವನ್ನು. ಕ್ಯಾಟಿನ ಮುಂದಿನ ಆಕ್ಸಿಜನ್ ಸೆನ್ಸರ್ 0.1 ವೋಲ್ಟ್‌ನಿಂದ 0.9ರ ತನಕ ಹಾರಿ ಇಳಿಯುತ್ತಿರುತ್ತದೆ. ಕಣಜ ಗಟ್ಟಿಯಾಗಿದ್ದರೆ ಹಿಂದಿನ ಸೆನ್ಸರ್ 0.6–0.7ರ ಆಸುಪಾಸಿನಲ್ಲಿ ಹೆಚ್ಚು ಅಲುಗಾಡದೆ ನಿಲ್ಲುತ್ತದೆ. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ P0420. (ಹೊಸ ಕಾರುಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ ಸೆನ್ಸರ್ ಆಗಿರಬಹುದು. ಅದರ ವೋಲ್ಟೇಜನ್ನು ಈ ಲೆಕ್ಕದಲ್ಲಿ ಓದಬೇಡಿ, ಹಿಂದಿನದನ್ನಷ್ಟೇ ನೋಡಿ.)

ಒಂದು ಉದಾಹರಣೆ ತೆಗೆದುಕೊಳ್ಳೋಣ. 1.2 ಲೀಟರ್ ಹ್ಯಾಚ್‌ಬ್ಯಾಕ್, 90,000 ಕಿ.ಮೀ. ಓಡಿದೆ. P0420 ಇದೆ. ಇನ್ನೂ ಖಚಿತವಾಗದ ಕೋಡ್‌ಗಳ ಪೆಂಡಿಂಗ್ ಪಟ್ಟಿಯಲ್ಲಿ P0303 ಕೂಡ ಕೂತಿದೆ, ಅಂದರೆ ಮೂರನೇ ಸಿಲಿಂಡರ್ ಆಗಾಗ ಮಿಸ್ ಹೊಡೆಯುತ್ತಿದೆ. ಮಾಲೀಕರ ಪ್ರಕಾರ ಗಾಡಿ ಚೆನ್ನಾಗಿಯೇ ಇದೆ, ‘ದಿಣ್ಣೆ ಹತ್ತುವಾಗ ಸ್ವಲ್ಪ ಜರ್ಕ್ ಅಷ್ಟೇ’. ಉತ್ತರ ಆ ‘ಅಷ್ಟೇ’ಯಲ್ಲಿದೆ.

ಮೊದಲು ಇಂಜಿನ್ ಪೂರ್ತಿ ಬಿಸಿಯಾಗಲಿ. ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಕ್ಯಾಟ್ ಕೆಲಸ ಶುರು ಮಾಡುವುದೇ ಇಲ್ಲ, ಆದ್ದರಿಂದ 2500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಹಿಡಿದು ಆಮೇಲೆ ಸ್ಕ್ಯಾನರಿನಲ್ಲಿ ಸೆನ್ಸರಿನ ಗ್ರಾಫ್ ನೋಡಿ. ಈ ಕಾರಿನಲ್ಲಿ ಹಿಂದಿನ ಸೆನ್ಸರ್ 0.2ರಿಂದ 0.8ಕ್ಕೆ ಹಾರುತ್ತಿದೆ. ಇಷ್ಟಕ್ಕೇ ತೀರ್ಪು ಕೊಡಬಾರದು. ಎರಡು ಸೆನ್ಸರ್‌ಗಳ ನಡುವೆ ಗ್ಯಾಸ್ಕೆಟ್ ಸೋರುತ್ತಿದ್ದರೂ ಹಿಂದಿನ ಸೆನ್ಸರ್ ಸುಳ್ಳು ಹೇಳುತ್ತದೆ. ಹೊಗೆ ನಾಡಿಯಂತೆ ಬಡಿಯುತ್ತಾ ಹೋಗುವುದರಿಂದ ಬಡಿತಗಳ ನಡುವಿನ ಗಳಿಗೆಯಲ್ಲಿ ಆ ಬಿರುಕು ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಜಾಯಿಂಟಿನ ಸುತ್ತ ಕಪ್ಪು ಮಸಿ ಕಂಡರೆ ಅನುಮಾನ ಪಡಿ. ಇಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಾಯಿಂದ ಸ್ವಲ್ಪ ಒತ್ತಡದ ಗಾಳಿ ಬಿಟ್ಟು ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ತೋರಿಸಿಬಿಡುತ್ತದೆ. ಇಲ್ಲಿ ಸೋರಿಕೆ ಇಲ್ಲ.

ಮುಂದೆ ಮಿಸ್ಸಿಂಗ್. ಮೂರನೇ ಸಿಲಿಂಡರಿನ ಪ್ಲಗ್‌ಗೆ ಕಿಡಿ ಕೊಡುವ ಕಾಯಿಲನ್ನು ಒಂದನೆಯದಕ್ಕೆ ಹಾಕಿ ಓಡಿಸಿದರೆ P0301 ಬಂತು, ಅಂದರೆ ಕಾಯಿಲ್ ಜೊತೆಗೆ ಮಿಸ್ಸಿಂಗೂ ಒಂದನೇ ಸಿಲಿಂಡರಿಗೆ ಹೋಯಿತು. ಕಾಯಿಲ್ ಹೋಗಿದೆ, ಅನುಮಾನವಿಲ್ಲ. ಪ್ಲಗ್ ತೆಗೆದರೆ ಅದರ ಗ್ಯಾಪ್ ಕಂಪನಿ ಹೇಳಿದ್ದಕ್ಕಿಂತ ಅಗಲವಾಗಿದೆ, ಕಾಯಿಲ್‌ಗೆ ಹೊರೆ ಹೆಚ್ಚಾದದ್ದು ಅದರಿಂದಲೇ ಇರಬೇಕು. ಉರಿಯದ ಪೆಟ್ರೋಲೂ ಬಳಕೆಯಾಗದ ಆಮ್ಲಜನಕವೂ ಒಟ್ಟಿಗೆ ಕ್ಯಾಟಿಗೆ ಹೋಗಿ ಅಲ್ಲಿ ಉರಿದಿವೆ. ಉಷ್ಣತೆ ಸಾವಿರ ಡಿಗ್ರಿಯ ಹತ್ತಿರ ಹೋದರೆ ಲೋಹದ ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಮುದ್ದೆಗಳಾಗುತ್ತವೆ, ಸೀರಿಯಂ ಕಣಜವೂ ಕುಗ್ಗುತ್ತದೆ. ಮುದ್ದೆಯಾದದ್ದು ಮತ್ತೆ ಪುಡಿಯಾಗುವುದಿಲ್ಲ. ಇನ್ನೂ ಏರಿದರೆ ಪಿಂಗಾಣಿಯೇ ಕರಗಿ ದಾರಿ ಕಟ್ಟಿಕೊಳ್ಳುತ್ತದೆ, ಆಗ ಪಿಕಪ್ ಸಾಯುತ್ತದೆ. ಇಂಜಿನ್ ಲೈಟ್ ಮಿನುಗುತ್ತಿದ್ದರೆ ಕ್ಯಾಟನ್ನು ಸುಡುವಷ್ಟು ಮಿಸ್ಸಿಂಗ್ ಇದೆ ಎಂದರ್ಥ. ಆಗ ‘ಊರು ಮುಟ್ಟಿ ನೋಡೋಣ’ ಎಂದು ಓಡಿಸಬಾರದು.

ಹಾಗಾಗಿ ಮೊದಲು ಕಾಯಿಲ್ ಮತ್ತು ಎಲ್ಲಾ ಪ್ಲಗ್‌ಗಳು. ಆಮೇಲೆ ಕೋಡ್ ಅಳಿಸಿ ಹೆದ್ದಾರಿಯಲ್ಲಿ 30–40 ಕಿ.ಮೀ. ಓಡಿಸಿ ಮತ್ತೆ ಗ್ರಾಫ್ ನೋಡಿ. ಮೇಲ್ಮೈಗೆ ಬರೀ ಮಸಿ ಹಿಡಿದಿದ್ದರೆ ಈ ಓಟದಲ್ಲಿ ಸುಟ್ಟುಹೋಗಿ ಕ್ಯಾಟ್ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಇಂಜಿನ್ ಆಯಿಲ್ ಕುಡಿಯುವ ಗಾಡಿಯಾಗಿದ್ದರೆ ಆ ಆಸೆ ಬೇಡ, ಆಯಿಲಿನ ರಂಜಕ ಲೇಪದ ಮೇಲೆ ಗಾಜಿನಂತೆ ಕೂತುಬಿಡುತ್ತದೆ, ಸುಟ್ಟು ಹೋಗುವುದಿಲ್ಲ. ಈ ಉದಾಹರಣೆಯಲ್ಲಿ ಓಟ ಮುಗಿದ ಮೇಲೂ ಹಿಂದಿನ ಸೆನ್ಸರ್ ಕುಣಿಯುತ್ತಿದೆ. ಈಗ ಕ್ಯಾಟ್ ಬದಲಿಸುವುದು ನ್ಯಾಯ.

ಬದಲಿಸುವಾಗ ಅಗ್ಗದ ಕ್ಯಾಟ್ ಬಗ್ಗೆ ಎಚ್ಚರ. ಹೊರಗಿನ ಡಬ್ಬಿ ಒಂದೇ ಥರ ಕಂಡರೂ ಒಳಗಿನ ಲೋಹ, ಸೀರಿಯಂ ಎರಡೂ ಕಡಿಮೆ ಇದ್ದರೆ ಕಣಜ ಬೇಗ ಸೋಲುತ್ತದೆ. ಹಿಂದಿನ ಸೆನ್ಸರ್ ಕೆಳಗೆ ಪುಟ್ಟ ಪೈಪಿನ ತುಂಡು ಕೂರಿಸಿ ಅದನ್ನು ಹೊಗೆಯಿಂದ ದೂರ ಎತ್ತಿಬಿಡುವವರೂ ಇದ್ದಾರೆ. ಲೈಟ್ ಆರುತ್ತದೆ, ಹೊಗೆ ಮಾತ್ರ ಹಾಗೇ ಇರುತ್ತದೆ. ಪಿಯುಸಿ ಪರೀಕ್ಷೆಯಲ್ಲೂ ಇದು ಸಿಕ್ಕಿಬೀಳದೇ ಇರಬಹುದು, ಏಕೆಂದರೆ ಪೆಟ್ರೋಲ್ ಕಾರಿನ ಪಿಯುಸಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ನೋಡುತ್ತಾರೆ, ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ.

ಹೊಸದು ಹಾಕಿದ ಮೇಲೆ ಕೋಡ್ ಅಳಿಸಿ ಅಂದೇ ಗಾಡಿ ಕೊಟ್ಟುಬಿಡಬೇಡಿ. ಅಳಿಸಿದಾಗ ಇಸಿಯುವಿನ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿಯುತ್ತದೆ. ಸ್ಕ್ಯಾನರಿನಲ್ಲಿ ಕ್ಯಾಟಲಿಸ್ಟ್ ಮಾನಿಟರ್ ‘ಕಂಪ್ಲೀಟ್’ ಎಂದು ತೋರಿಸುವ ತನಕ ಓಡಿಸಿ, ಪೆಂಡಿಂಗ್ ಪಟ್ಟಿಯನ್ನು ಇನ್ನೊಮ್ಮೆ ತೆರೆದು ನೋಡಿ. ಅಲ್ಲಿ P0303 ಮತ್ತೆ ಕಾಣಿಸಿದರೆ ಮಿಸ್ಸಿಂಗ್ ಕೆಲಸ ಇನ್ನೂ ಮುಗಿದಿಲ್ಲ. ಇಂಜೆಕ್ಟರ್ ನೋಡಿ, ಆಮೇಲೆ ಕಂಪ್ರೆಶನ್.