ಥಂಬ್‌ನೇಲಲ್ಲಿ ದೆವ್ವ ಇದ್ದರೆ ಕಥೆಯಲ್ಲೂ ಇರಬೇಕು

"ಕ್ಲಿಕ್ ಬೀಳ್ಬೇಕಾದ್ರೆ ಥಂಬ್‌ನೇಲಲ್ಲಿ ಸ್ವಲ್ಪ ಸುಳ್ಳು ಹೇಳ್ಲೇಬೇಕಲ್ವಾ? ನೀವು ಹೇಗೆ ಮಾಡ್ತೀರಿ?" ಎಂದು ಒಬ್ಬರು ಕೇಳಿದ್ದಾರೆ.

ನಾನೂ ಹೇಳಿದ್ದೇನೆ. ಒಂದೇ ಸಲ, ಆದರೆ ದೊಡ್ಡದೇ ಸುಳ್ಳು.

ಉಡುಪಿಯ ಸಂತೆಕಟ್ಟೆಯ ಮನೆಯಲ್ಲಿ ಕೂತು ನಾವು ಮೂವರು ಯೂಟ್ಯೂಬಿಗೆ ಮಕ್ಕಳ ಕಾರ್ಟೂನ್ ಮಾಡುತ್ತೇವೆ. ಒಂದು ಎಪಿಸೋಡಿನ ಕಥೆ ಹೀಗಿತ್ತು. ಮಲ್ಪೆಯ ಹುಡುಗಿ ಚಿನ್ನಿ ರಾತ್ರಿ ಅಜ್ಜನ ಜೊತೆ ನಾಡದೋಣಿಯಲ್ಲಿ ಹೋಗುತ್ತಾಳೆ. ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಹೊಳೆಯುತ್ತದೆ. ಅವಳು ಹೆದರುತ್ತಾಳೆ, "ಅಜ್ಜ, ದೆವ್ವವಾ?" ಎನ್ನುತ್ತಾಳೆ. ಅಜ್ಜ ಅವಳ ಕೈಯನ್ನು ನೀರಿಗೆ ಅದ್ದಿಸುತ್ತಾನೆ. ಬೆರಳಿನ ಸುತ್ತ ಬೆಳಕು ಏಳುತ್ತದೆ. ನಾಕ್ಟಿಲೂಕ ಎಂಬ ಒಂದೇ ಜೀವಕೋಶದ ಜೀವಿ, ನೀರು ಕಲಕಿದಾಗ ಹೀಗೆ ಮಿನುಗುತ್ತದೆ. ಕಥೆ ಅಷ್ಟೇ.

ಥಂಬ್‌ನೇಲಿಗೆ ನಾನು ಬಿಡಿಸಿದ್ದು ಕಡಲಿನಿಂದ ಎದ್ದು ಬರುವ ದೊಡ್ಡ ನೀಲಿ ದೆವ್ವ. ಟೈಟಲ್: "ಮಲ್ಪೆ ಕಡಲಲ್ಲಿ ದೆವ್ವ!" (ಭೂತ ಅಂತ ಬರೆಯಲಿಲ್ಲ. ನಮ್ಮೂರಲ್ಲಿ ಭೂತ ಅಂದರೆ ಕೋಲ ಕೊಟ್ಟು ಕೈಮುಗಿಯುವ ವಿಷಯ. ಅಷ್ಟು ಬುದ್ಧಿ ಇತ್ತು.) ಅನಿಮೇಷನ್ ಮಾಡುವವರಿಗೆ ಈ ಆಸೆ ಬೇರೆಯವರಿಗಿಂತ ಜಾಸ್ತಿ. ಅಡುಗೆ ವಿಡಿಯೋದವರು ಇಲ್ಲದ ಮೀನನ್ನು ಎಲ್ಲಿಂದ ತರುತ್ತಾರೆ? ನಮಗೆ ಪೆನ್ನು ಕೈಯಲ್ಲೇ ಇದೆ, ಏನು ಬೇಕಾದರೂ ಬಿಡಿಸಬಹುದು.

ಕ್ಲಿಕ್ ಬಂತು. ಸಾವಿರ ಜನರ ಸ್ಕ್ರೀನ್ ಮೇಲೆ ಚಿತ್ರ ಬಂದರೆ ಸುಮಾರು 90 ಜನ ಒತ್ತಿದರು. ನಮ್ಮ ಮಾಮೂಲಿ ಲೆಕ್ಕ 40. ಎರಡು ದಿನ ಖುಷಿಯಲ್ಲೇ ಇದ್ದೆ. ಆಮೇಲೆ ಕದ್ರಿಯಿಂದ ತಂಗಿಯ ಮಗ ಫೋನ್ ಮಾಡಿದ. ಐದು ವರ್ಷದವನು. "ದೊಡ್ಡಮ್ಮ, ದೆವ್ವ ಎಲ್ಲುಂಟು? ನಾನು ಎರಡು ಸಲ ನೋಡಿದೆ."

ಅದು ಮಕ್ಕಳ ವಿಡಿಯೋ ಎಂದು ಗುರುತು ಹಾಕಿದ್ದರಿಂದ ಯೂಟ್ಯೂಬಿನಲ್ಲಿ ಕಮೆಂಟ್ ಬಂದ್. ಬೈಯುವವರು ಇದ್ದರೂ ನನಗೆ ಕೇಳುತ್ತಿರಲಿಲ್ಲ. ಅವನು ಫೋನ್ ಮಾಡಿದ ಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ರಿಟೆನ್ಷನ್ ಗ್ರಾಫ್ ತೆಗೆದೆ. ಎಷ್ಟು ಜನ ಎಲ್ಲಿವರೆಗೆ ನೋಡಿದರು ಎಂದು ಅದು ತೋರಿಸುತ್ತದೆ. ಒತ್ತಿದ 90 ಜನರಲ್ಲಿ 30ನೇ ಸೆಕೆಂಡಿಗೆ ಉಳಿದವರು 36. ಗೆರೆ ಜಾರುಬಂಡಿಯ ಹಾಗೆ ಇಳಿದಿತ್ತು.

ಆಗ ತಲೆಗೆ ಹೋದ ಮಾತು ಒಂದುಂಟು. ನಮ್ಮ ಟೈಟಲನ್ನು ಓದುವವರು ಅಪ್ಪ ಅಮ್ಮ. ಚಿತ್ರವನ್ನು ಒತ್ತುವುದು ಮಗು. ಮಗುವಿಗೆ ಓದಲು ಬಾರದು. ಟೈಟಲಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ "ದೆವ್ವವೇ?" ಅಂತ ಮೆಲ್ಲಗೆ ಜಾರಿಕೊಳ್ಳೋಣ ಅಂದರೆ ಆಗುವುದಿಲ್ಲ. ಚಿತ್ರ ಒಂದೇ ನಿಂತಾಗಲೂ ನಿಜ ಹೇಳಬೇಕು.

ಹಾಗಂತ ಎಪಿಸೋಡಿನ ಒಂದು ಫ್ರೇಮ್ ಕತ್ತರಿಸಿ ಹಾಕಿದರೆ ಆಯ್ತಾ? ಇಲ್ಲ. ಅನಿಮೇಷನ್ನಿನ ಫ್ರೇಮುಗಳು ಓಡುವುದಕ್ಕೆ ಇರುವವು, ನಿಲ್ಲುವುದಕ್ಕಲ್ಲ. ಎರಡು ಭಂಗಿಗಳ ನಡುವಿನ ಫ್ರೇಮಲ್ಲಿ ಚಿನ್ನಿಯ ಕಣ್ಣು ಅರ್ಧ ಮುಚ್ಚಿತ್ತು, ಕೈ ಎಳೆದ ಹಿಟ್ಟಿನ ಹಾಗೆ ಉದ್ದವಾಗಿತ್ತು. ಇಡೀ ದೋಣಿ ಕಾಣುವ ಶಾಟ್ ಫೋನಿನಲ್ಲಿ ಕಪ್ಪು ಚೌಕದಲ್ಲಿ ಒಂದು ನೀಲಿ ಚುಕ್ಕೆ. ಹಾಗಾಗಿ ಕೈ ನೀರಿಗೆ ಅದ್ದುವ ಆ ಗಳಿಗೆಯನ್ನೇ ಹೊಸದಾಗಿ ಬಿಡಿಸಿದೆ. ಅದೇ ಚಿನ್ನಿ, ಅದೇ ಅಂಗಿ, ಅದೇ ರಾತ್ರಿ. ಹತ್ತಿರದಿಂದ ನೋಡಿದ ಹಾಗೆ ಮುಖ ದೊಡ್ಡದು, ಕೆಳಗಿನಿಂದ ಮುಖಕ್ಕೆ ನೀಲಿ ಬೆಳಕು, ಬೆರಳ ಸುತ್ತ ಹೊಳಪು. ಕಣ್ಣನ್ನು ಎಪಿಸೋಡಿನಲ್ಲಿರುವುದಕ್ಕಿಂತ ಸ್ವಲ್ಪ ಅಗಲ ಮಾಡಿದ್ದೇನೆ, ಒಪ್ಪುತ್ತೇನೆ. ಭಾವ ಹಿಗ್ಗಿಸಬಹುದು, ಆಗದೇ ಇದ್ದದ್ದನ್ನು ಆಯಿತು ಅನ್ನಬಾರದು. ನನ್ನ ಗೆರೆ ಅಲ್ಲಿದೆ. ಚಿತ್ರದ ಅಂದವೂ ಎಪಿಸೋಡಿಗಿಂತ ತುಂಬಾ ಮೇಲಿರಬಾರದು. ಥಂಬ್‌ನೇಲನ್ನು ಪೇಂಟಿಂಗ್ ಹಾಗೆ ಮಾಡಿ, ಒಳಗೆ ಸಾದಾ ಚಪ್ಪಟೆ ಬಣ್ಣ ಕಂಡರೆ ಅದೂ ಒಂದು ಬಗೆಯ ಮೋಸವೇ.

ರಾತ್ರಿಯ ಚಿತ್ರಕ್ಕೆ ಇನ್ನೊಂದು ತೊಂದರೆ. ನಾವು 1280 × 720 ಅಳತೆಯಲ್ಲಿ ಬಿಡಿಸುತ್ತೇವೆ, ನೋಡುವವರು ಹೆಬ್ಬೆರಳಿನಷ್ಟು ನೋಡುತ್ತಾರೆ. ಹಿನ್ನೆಲೆಯ ಕಪ್ಪನ್ನು ಗಾಢ ನೀಲಿ ಮಾಡಿ, ತಲೆಗೂದಲಿನ ಅಂಚಿಗೆ ಒಂದು ಬೆಳಕಿನ ಗೆರೆ ಎಳೆದ ಮೇಲೆಯೇ ಮುಖ ಎದ್ದು ಕಂಡಿತು. ಚಿತ್ರವನ್ನು ಫೋನಿಗೆ ಕಳಿಸಿ, ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ನಿಂತು ನೋಡುತ್ತೇನೆ. ಅಲ್ಲಿ ಕಂಡರೆ ಎಲ್ಲಿಯೂ ಕಾಣುತ್ತದೆ. ಕೆಳಗೆ ಬಲಮೂಲೆಯಲ್ಲಿ ವಿಡಿಯೋದ ಅವಧಿ ಕೂತುಕೊಳ್ಳುತ್ತದೆ. ಮೊದಲ ಕರಡಲ್ಲಿ ಹೊಳೆಯುವ ಬೆರಳು ಸರಿಯಾಗಿ ಅದರಡಿಗೇ ಹೋಗಿತ್ತು!

ಚಿತ್ರದ ಮೇಲಿನ ಕನ್ನಡ ಅಕ್ಷರದ ಬಗ್ಗೆ ಯಾರೂ ಹೇಳುವುದಿಲ್ಲ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಒಂದು ಸಾಲಿಗೆ ಒಂದೂವರೆ ಸಾಲಿನ ಜಾಗ ಬೇಕು. ಎದ್ದು ಕಾಣಲಿ ಎಂದು ದಪ್ಪ ಅಂಚು ಕೊಟ್ಟರೆ ಅಕ್ಷರದ ಹೊಟ್ಟೆಯೇ ಮುಚ್ಚಿಹೋಗುತ್ತದೆ. "ಮುಟ್ಟಿದ್ರೆ" ಅಂತ ಬರೆದು ನೋಡಿದೆ, ಸಣ್ಣದಾದಾಗ ಇರುವೆ ಸಾಲು. ಕೊನೆಗೆ ಒತ್ತು ಇಲ್ಲದ ಒಂದೇ ಪದ ಉಳಿಸಿದೆ: "ಬೆಳಕಾ?"

ಟೈಟಲಿಗೆ 100 ಅಕ್ಷರದವರೆಗೆ ಜಾಗ ಇದೆ, ಆದರೆ ಫೋನಿನಲ್ಲಿ ಎಲ್ಲವೂ ಕಾಣುವುದಿಲ್ಲ. ಮೊದಲು ನಾವು ಚಾನೆಲ್ ಹೆಸರು, ಎಪಿಸೋಡ್ ನಂಬರ್ ಮುಂದೆ ಹಾಕಿ ಇದ್ದ ಜಾಗ ಸುಮ್ನೆ ತಿನ್ನುತ್ತಿದ್ದೆವು. ಈಗ ನಂಬರು ಕೊನೆಗೆ. ಹೊಸ ಟೈಟಲ್: "ರಾತ್ರಿ ಕಡಲು ಮುಟ್ಟಿದ್ರೆ ಬೆಳಕು ಯಾಕೆ?" ಚಿತ್ರ ಬೆಳಕನ್ನು ತೋರಿಸುತ್ತದೆ, ಟೈಟಲ್ ಕಾರಣ ಕೇಳುತ್ತದೆ. ಎರಡೂ ಒಂದನ್ನೇ ಹೇಳಿದರೆ ಒಂದು ದಂಡ. ಆ "ಯಾಕೆ"ಗೆ ಅಜ್ಜ ನಿಜವಾಗಿ ಉತ್ತರ ಕೊಡುತ್ತಾನೆ.

ಉಳಿದದ್ದು ವಿಡಿಯೋದೊಳಗಿನ ತಪ್ಪು. ಶುರುವಿನಲ್ಲೇ 40 ಸೆಕೆಂಡಿನ ಚಾನೆಲ್ ಹಾಡು. ಬೆಳಕು ನೋಡಲು ಬಂದ ಮಗು ಹಾಡು ಯಾಕೆ ಕೇಳಬೇಕು? ಹಾಕಿದ ವಿಡಿಯೋವನ್ನು ಅದೇ ಲಿಂಕಿನಲ್ಲಿ ಬೇರೆ ವಿಡಿಯೋಗೆ ಬದಲಿಸಲು ಬರುವುದಿಲ್ಲ, ಆದರೆ ಸ್ಟುಡಿಯೋದ ಎಡಿಟರಿನಲ್ಲಿ ಬೇಡದ್ದನ್ನು ಕತ್ತರಿಸಬಹುದು. ಹಾಡು ತೆಗೆದೆ. ಈಗ ದೋಣಿ ಕೂಡಲೇ ನೀರಿಗಿಳಿಯುತ್ತದೆ.

ಇದಾದ ಮೇಲೆ ಸಾವಿರಕ್ಕೆ ಒತ್ತಿದವರು 60, 30ನೇ ಸೆಕೆಂಡಿಗೆ ಉಳಿದವರು 42. ಒತ್ತಿದವರು ಕಡಿಮೆ, ಕೂತವರು ಜಾಸ್ತಿ. ಹಾಡು ಹೋದದ್ದೂ ಸೇರಿದೆ, ಪೂರ್ತಿ ಕೀರ್ತಿ ಚಿತ್ರಕ್ಕಲ್ಲ. ಒಂದೇ ವಿಡಿಯೋಗೆ ಮೂರು ಥಂಬ್‌ನೇಲ್ ಹಾಕಿ, ಯಾವುದರಿಂದ ಜನ ಹೆಚ್ಚು ಹೊತ್ತು ನೋಡಿದರು ಎಂದು ಹೋಲಿಸುವ ಸೌಲಭ್ಯ ಯೂಟ್ಯೂಬಿನಲ್ಲಿದೆ. ಆದರೆ ಮಕ್ಕಳ ವಿಡಿಯೋಗೆ ಅದು ಸಿಗುವುದಿಲ್ಲ. ನಾವು ಕೈಯಾರೆ ಬದಲಿಸಿ ನೋಡಬೇಕು. ಆಗ ಕ್ಲಿಕ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ವಿಡಿಯೋ ಹೊಸಬರಿಗೆ ಹೆಚ್ಚು ಹೋದ ಹಾಗೆ ಕ್ಲಿಕ್ ಪ್ರಮಾಣ ತಾನಾಗಿ ಇಳಿಯಬಹುದು. ಅದು ಚಿತ್ರದ ತಪ್ಪಲ್ಲ.

ಈಗ ಥಂಬ್‌ನೇಲಿನ ಪೆನ್ಸಿಲ್ ಕರಡನ್ನು ಸ್ಟೋರಿಬೋರ್ಡ್ ಮುಗಿಯುವ ಮೊದಲೇ ಮಾಡಿ ತಂಗಿಗೆ ವಾಟ್ಸಾಪ್ ಮಾಡುತ್ತೇನೆ. ಅವಳು ಮಗನಿಗೆ ತೋರಿಸಿ ಒಂದೇ ಪ್ರಶ್ನೆ ಕೇಳುತ್ತಾಳೆ: "ಇದ್ರಲ್ಲಿ ಎಂತ ಆಗ್ತದೆ ಮಾರಾಯ?" ಅವನು ಹೇಳಿದ್ದು ಕಥೆಯಲ್ಲಿ ಇಲ್ಲದಿದ್ದರೆ ಕರಡು ಕಸದ ಬುಟ್ಟಿಗೆ. ಮೊನ್ನೆ ಅಲೆಯ ಮೇಲೆ ದೋಣಿಯ ಮೂತಿ ಬಿಡಿಸಿದ್ದೆ. ನೋಡಿದವನೇ "ತಿಮಿಂಗಿಲ!" ಅಂದನಂತೆ. ಆ ಎಪಿಸೋಡಿನಲ್ಲಿ ಬಂಗುಡೆಗಿಂತ ದೊಡ್ಡ ಮೀನೇ ಇಲ್ಲ. ಈ ವಾರ ದೋಣಿಯನ್ನು ಮತ್ತೆ ಬಿಡಿಸುತ್ತಿದ್ದೇನೆ.