ಇಂಡೆಂಟಿನಲ್ಲಿ ಬರೀ ‘ಟೋಫು’ ಎಂದು ಬರೆದ ದಿನ

ತೀರ್ಥಹಳ್ಳಿ ಹತ್ತಿರದ ರೆಸಾರ್ಟ್ ಒಂದರ ಅಡುಗೆಮನೆಯಲ್ಲಿ ನನ್ನ ಕೆಲಸ. ಕಳೆದ ಮಳೆಗಾಲ ಹಾಲು, ತುಪ್ಪ ಮುಟ್ಟದ ಇಪ್ಪತ್ತು ಜನರ ಗುಂಪು ಬಂದಿತ್ತು. ಪನೀರ್ ಬದಲು ಸೋಯಾ ಹಾಲಿನ ಟೋಫು ಹಾಕಿ ಚಿಲ್ಲಿ ಟೋಫು ಎಂದು ಮೆನು ಬರೆದವನು ನಾನೇ. ಸ್ಟೋರಿಗೆ ಕಳಿಸುವ ಬೇಡಿಕೆ ಚೀಟಿ, ಅಂದರೆ ಇಂಡೆಂಟಿನಲ್ಲಿ ಬರೀ ‘ಟೋಫು’ ಎಂದು ಬರೆದವನೂ ನಾನೇ. ಸಂಜೆ ಏಳಕ್ಕೆ ಸ್ಟೋರಿನಿಂದ ಬಂದ ಡಬ್ಬಿ ತೆರೆದರೆ, ಗಿಣ್ಣಿನ ಹಾಗೆ ನಡುಗುವ ಸಿಲ್ಕನ್ ಟೋಫು. ಊಟ ಎಂಟಕ್ಕೆ.

ನೀರು ಹಿಂಡಿದರೆ ಗಟ್ಟಿಯಾದೀತು ಅಂದುಕೊಂಡೆ. ಬಟ್ಟೆಯಲ್ಲಿ ಸುತ್ತಿ ಮೇಲೆ ತವಾ, ಅದರ ಮೇಲೆ ಕುಟ್ಟಾಣಿ ಇಟ್ಟೆ. ಹತ್ತು ನಿಮಿಷದಲ್ಲಿ ನಾಲ್ಕು ಡಬ್ಬಿ ಟೋಫು ಮುದ್ದೆಯಾಯಿತು. ಆಮೇಲೂ ಬುದ್ಧಿ ಬರಲಿಲ್ಲ. ಇನ್ನೊಂದನ್ನು ತುಂಡು ಮಾಡಿ, ಕಾರ್ನ್‌ಫ್ಲೋರ್ ಸವರಿ ಕಾದ ಎಣ್ಣೆಗೆ ಬಿಟ್ಟೆ. ಒಳಗಿನ ನೀರು ಸಿಡಿದು, ಪಕ್ಕದಲ್ಲಿದ್ದ ಹುಡುಗನ ಮುಂಗೈ ಸುಟ್ಟಿತು. ಅದು ನನಗೆ ಇವತ್ತಿಗೂ ನೋವು.

ಶೆಫ್ ಬಂದು ಮುದ್ದೆ ನೋಡಿ ಅಂದರು: “ಇದನ್ನ ಯಾಕೋ ಹಿಂಡಿದೆ? ಡಬ್ಬಿಯೊಳಗೇ ಹೆಪ್ಪುಗಟ್ಟಿದ್ದು ಇದು, ಮೊಸರಿನ ಹಾಗೆ.”

ವಿಷಯ ಅಷ್ಟೇ. ಸಿಲ್ಕನ್‌ನಲ್ಲಿ ಸೋಯಾ ಹಾಲು ಹೆಪ್ಪುಗಟ್ಟಿದ ಮೇಲೆ ಅದನ್ನು ಒಡೆಯುವುದಿಲ್ಲ, ನೀರು ಬಸಿಯುವುದಿಲ್ಲ. ನೀರು ಆ ಹೆಪ್ಪಿನ ಒಳಗೇ ಹಿಡಿದುಕೊಂಡಿರುತ್ತದೆ. ಭಾರ ಹೇರಿದರೆ ನೀರಿನ ಜೊತೆ ಹೆಪ್ಪೂ ಒಡೆಯುತ್ತದೆ. ಫರ್ಮ್ ಟೋಫು ಮಾಡುವಾಗ ಒಡೆದ ಹೆಪ್ಪನ್ನು ಬಟ್ಟೆ ಹಾಸಿದ ಅಚ್ಚಿಗೆ ಸುರಿದು ಭಾರ ಇಡುತ್ತಾರೆ, ಪನೀರಿನ ಹಾಗೇ. ಹಾಗಾಗಿ ಅದನ್ನು ಮತ್ತೆ ಅರ್ಧ ಗಂಟೆ ಒತ್ತಬಹುದು. ಅಥವಾ ತುಂಡುಗಳನ್ನು ಉಪ್ಪು ಹಾಕಿದ ಬಿಸಿನೀರಲ್ಲಿ ಹದಿನೈದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಹುರಿದರೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಚಿಲ್ಲಿಗೆ ಬೇಕಾದ್ದು ಇದು. ಮೂರನೆಯ ಬಗೆ ಪ್ರೆಸ್ಡ್ ಟೋಫು, ಇನ್ನೂ ಬಿಗಿ. ಬೆರಳಿನಿಂದ ಬಗ್ಗಿಸಿದರೂ ಮುರಿಯದು. ಒತ್ತುವ ಕೆಲಸವೇ ಇಲ್ಲ. ಬೀನ್ಸ್‌ನಷ್ಟು ಸಣ್ಣಗೆ ಉದ್ದುದ್ದ ಹೆಚ್ಚಿ, ದೊಣ್ಣಮೆಣಸಿನ ಜೊತೆ ಜೋರು ಉರಿಯಲ್ಲಿ ಬಾಡಿಸಿದರೆ ಪುಡಿಯಾಗುವುದಿಲ್ಲ. ಆದರೆ ಮಸಾಲೆ ಬೇಗ ಒಳಗೆ ಇಳಿಯುವುದಿಲ್ಲ, ದಪ್ಪ ತುಂಡು ಹೆಚ್ಚು ಹೊತ್ತು ಕರಿದರೆ ತೊಗಲಿನ ಹಾಗಾಗುತ್ತದೆ.

ಆ ರಾತ್ರಿ ಶೆಫ್ ಮೆನುವನ್ನೇ ಬದಲಿಸಿದರು. ಉಳಿದ ಡಬ್ಬಿಗಳನ್ನು ತಟ್ಟೆಯ ಮೇಲೆ ಬೋರಲು ಹಾಕಿ, ತಳದ ಮೂಲೆಗೆ ಸಣ್ಣ ತೂತು ಕೊಟ್ಟರು. ಗಾಳಿ ಒಳಹೊಕ್ಕು ಟೋಫು ಇಡಿಯಾಗಿ ಜಾರಿತು. ಕಡುಬು ಬೇಯಿಸುವ ಪಾತ್ರೆಯಲ್ಲಿ ಸಣ್ಣ ಹಬೆಯಲ್ಲಿ ಎಂಟು ನಿಮಿಷ ಇಟ್ಟರು. ಜೋರು ಕುದಿಗೆ ಅದು ತೂತು ತೂತಾಗುತ್ತದಂತೆ. ತಟ್ಟೆಗೆ ಬಿಟ್ಟುಕೊಂಡ ನೀರು ಬಗ್ಗಿಸಿ, ಶುಂಠಿ, ಜಜ್ಜಿದ ಕಾಳುಮೆಣಸು, ಸೋಯಾ ಸಾಸ್, ಮೇಲೆ ಬಿಸಿ ಎಣ್ಣೆ. ನನ್ನ ಮುದ್ದೆಯನ್ನು ಮಿಕ್ಸಿಗೆ ಹಾಕಿ ಕುಂಬಳಕಾಯಿ ಸೂಪಿಗೆ ಸೇರಿಸಿದರು. ಕ್ರೀಮಿನಷ್ಟೇ ನುಣ್ಣಗೆ ಬಂತು. ಊಟ ಎಂಟೂ ಇಪ್ಪತ್ತಕ್ಕೆ ಹೋಯಿತು.

ಈಗ ಇಂಡೆಂಟಿನಲ್ಲಿ ‘ಫರ್ಮ್, ಚಿಲ್ಲಿಗೆ’ ಎಂದು ಬರೆಯುತ್ತೇನೆ, ಬಂದ ತಕ್ಷಣ ಒಂದು ಡಬ್ಬಿ ತೆರೆದು ನೋಡುತ್ತೇನೆ. ಸ್ಟೋರಿನ ಕಂಪ್ಯೂಟರಿನಲ್ಲಿ ಮಾತ್ರ ಮೂರಕ್ಕೂ ಇನ್ನೂ ಒಂದೇ ಕೋಡ್. ಬೇರೆ ಮಾಡಿ ಎಂದು ಮ್ಯಾನೇಜರ್‌ಗೆ ಮೂರು ಸಲ ಹೇಳಿದ್ದೇನೆ.