ದಿನಬಳಕೆಗೆ ಒಂದು ಮೂಗುಬೊಟ್ಟು
ಅಕ್ಕನ ಮಗಳಿಗೆ ದಿನವೂ ಹಾಕಿಕೊಳ್ಳುವಂಥ ಮೂಗುಬೊಟ್ಟು ಆರಿಸುವಾಗ ಅಂಗಡಿಯವರು ಹರಳಿನ ಹೊಳಪನ್ನೇ ತೋರಿಸುತ್ತಿದ್ದರು. ನನಗೆ ಮುಖ್ಯವೆನಿಸಿದ್ದು ಅದರ ಹಿಂದಿನ ಕಡ್ಡಿ. ಒತ್ತಿ ಕೂರಿಸುವ ಬೊಟ್ಟನ್ನು ಹಾಕುವುದು ಸುಲಭವಾದರೂ, ಅದನ್ನು ಹಿಡಿದಿಡುವುದು ಬರಿಯ ಬಿಗಿತವಾದ್ದರಿಂದ, ಮುಖ ಒರೆಸುವಾಗ ಟವೆಲ್ಲಿನ ಎಳೆ ಸಿಕ್ಕಿಕೊಂಡರೆ ಕಳಚಿ ಬರಬಹುದು. ಚಿನ್ನದ ಬೊಟ್ಟಿಗೆ ತಿರುಪೇ ಮೇಲು ಎಂಬುದು ನನ್ನ ಅಭಿಪ್ರಾಯ.

ಆದರೆ ತಿರುಪಿನ ಕಡ್ಡಿ ಸಾಮಾನ್ಯವಾಗಿ ದಪ್ಪ. ಅವಳ ಹಳೆಯ ಬೊಟ್ಟಿನ ತಂತಿ 0.8 ಮಿ.ಮೀ. ಇತ್ತು, ಹೊಸದರ ಕಡ್ಡಿ 1 ಮಿ.ಮೀ.; ಈ ಕೂದಲೆಳೆಯ ವ್ಯತ್ಯಾಸವನ್ನು ಲೆಕ್ಕಿಸದೆ ಒತ್ತಿ ತೂರಿಸಿದರೆ ರಂಧ್ರದ ಅಂಚು ಕೆಂಪಾಗಿ ಉರಿಯುತ್ತದೆ. ಆದ್ದರಿಂದ ತೆಳು ಕಡ್ಡಿಯ ತಿರುಪನ್ನೇ ಮಾಡಿಸಿಕೊಡಲು ಹೇಳಿದೆವು. ಉದ್ದವನ್ನು ಹಾಕಿಯೇ ನೋಡಬೇಕು: ತಿರುಪು ಬಿಗಿಸಿದ ಮೇಲೂ ಬೊಟ್ಟು ಬೆರಳಿಗೆ ಸಲೀಸಾಗಿ ತಿರುಗಬೇಕು, ಚರ್ಮದಲ್ಲಿ ಗುಳಿ ಬಿದ್ದರೆ ಕಡ್ಡಿ ಗಿಡ್ಡ, ಒಳಗಿನ ತುದಿ ಮೂಗಿನ ನಡುಗೋಡೆಗೆ ತಾಗಿದರೆ ಉದ್ದ. ಹರಳು 2 ಮಿ.ಮೀ. ಸಾಕೆಂದು ಅವಳೇ ನಿರ್ಧರಿಸಿದಳು. ತಿರುಪಿನ ಸುತ್ತುಗಳಲ್ಲಿ ಸೋಪಿನ ಜಿಡ್ಡು ಕೂತು ಹಿಡಿತ ಸಡಿಲವಾಗುವುದರಿಂದ, ವಾರಕ್ಕೊಮ್ಮೆ ತಲೆಸ್ನಾನದ ದಿನ ಬಿಚ್ಚಿ ತೊಳೆದು, ಮತ್ತೆ ಬಿಗಿಸಿಕೊಳ್ಳಲು ಹೇಳಿದ್ದೇನೆ; ಬಿಚ್ಚುವ ಮುನ್ನ ಬಚ್ಚಲ ಜಾಲರಿಯ ಮೇಲೊಂದು ಬಟ್ಟೆ ಹಾಸಲಿ.